ಹಳದಿ ಸೋಮವಾರ

ಕಲಾವತಿಗೆ ಯಲಹಂಕದ ನರ್ಸರಿ ಶಾಲೆಯಲ್ಲಿ ಕೆಲಸ ಸಿಕ್ಕಾಗ ಅವಳ ಹತ್ತಿರ ಹೊರಗೆ ಹಾಕಿಕೊಂಡು ಹೋಗುವಂಥ ಟಾಪುಗಳಿದ್ದದ್ದು ಐದು, ಪ್ಯಾಂಟುಗಳು ಮೂರು. ಬೆಳಗಿನ ಗಡಿಬಿಡಿಯಲ್ಲಿ ಬೀರು ಮುಂದೆ ನಿಂತು ಯೋಚಿಸುವ ಹಾಗಿರಬಾರದು ಅಂತ, ಒಂದು ಭಾನುವಾರ ಎಲ್ಲವನ್ನೂ ಮಂಚದ ಮೇಲೆ ಹರವಿಕೊಂಡು ಕೂತಳು.

ಟಾಪು ದಿನಕ್ಕೊಂದು. ಬೆವರು ಹಿಡಿಯುವುದು ಅದಕ್ಕೇ ತಾನೆ. ಪ್ಯಾಂಟನ್ನು ನಡುವೆ ಒಂದು ದಿನ ಗಾಳಿಗೆ ಬಿಟ್ಟು ಇನ್ನೊಮ್ಮೆ ಹಾಕಬಹುದು. ಹಾಗಾಗಿ ಸೋಮವಾರ ಹಳದಿ ಟಾಪಿಗೆ ಕಪ್ಪು ಪ್ಯಾಂಟು, ಮಂಗಳವಾರ ನೀಲಿಗೆ ಬಿಸ್ಕತ್ ಬಣ್ಣದ್ದು. ಬುಧವಾರ ಮಕ್ಕಳು ಬಣ್ಣದಲ್ಲಿ ಕೈಯಾಡಿಸಿ ಬಂದು ಮಿಸ್ಸಿನ ಕಾಲನ್ನೇ ತಬ್ಬಿಕೊಳ್ಳುವ ದಿನ, ಅವತ್ತು ಹಸಿರಿಗೆ ಮತ್ತೆ ಕಪ್ಪು. ಗುರುವಾರ ಬೂದು ಟಾಪಿಗೆ ಮತ್ತೆ ಬಿಸ್ಕತ್. ಶುಕ್ರವಾರ ಅಮ್ಮನವರ ದಿನ, ಕೆಂಪು ಟಾಪು, ಬಿಳಿ ಪ್ಯಾಂಟು. ಮಂಗಳವಾರ, ಶುಕ್ರವಾರ ಮೈಮೇಲೆ ಕಪ್ಪು ಬೀಳಬಾರದು ಅನ್ನುವುದು ಅತ್ತೆ ಮುನಿಕೆಂಪಮ್ಮನ ಕಟ್ಟಳೆ, ಅದಕ್ಕೂ ಭಂಗವಿರಲಿಲ್ಲ. ಕೆಂಪು ಬಣ್ಣ ಬಿಡುತ್ತಿತ್ತು. ಅದನ್ನೂ ಬಿಳಿ ಪ್ಯಾಂಟನ್ನೂ ಶನಿವಾರ ಬೇರೆ ಬೇರೆ ಬಕೆಟ್ಟಿನಲ್ಲಿ ಒಗೆದು, ಉಳಿದದ್ದನ್ನು ಭಾನುವಾರ ಒಟ್ಟಿಗೆ ಒಗೆದರೆ ಆಯಿತು.

"ದ್ಯಾವ್ರ ಅಲಂಕಾರಕ್ಕೂ ಇಷ್ಟು ಲೆಕ್ಕಾಚಾರ ಇಲ್ವಲ್ಲೇ ಅಮ್ಮಣ್ಣಿ" ಅಂದಿದ್ದರು ಮುನಿಕೆಂಪಮ್ಮ, ಬಾಗಿಲಿಗೆ ಒರಗಿ ನೋಡುತ್ತಾ.

ಅವಳ ತರಗತಿಯಲ್ಲಿ ಗಜಾಲಾ ಅಂತ ಒಂದು ಮಗು. ಅದರ ತಾಯಿ ತುಮಕೂರಿನ ಆಸ್ಪತ್ರೆಯಲ್ಲಿ ನರ್ಸು. ಶುಕ್ರವಾರ ಸಂಜೆ ಮನೆಗೆ ಬಂದು, ಸೋಮವಾರ ಮಗು ಏಳುವ ಮುಂಚೆಯೇ ಗೊರಗುಂಟೆಪಾಳ್ಯಕ್ಕೆ ಹೋಗಿ ಬಸ್ಸು ಹಿಡಿಯುವವಳು. ಮಿಕ್ಕ ದಿನ ಮಗು ಅಜ್ಜಿ ಖುರ್ಷೀದ್ ಜೊತೆ. ಮೊದಲ ವಾರಗಳಲ್ಲಿ ಗಜಾಲಾ ಅತ್ತ ಅಳುವಿಗೆ ಪಕ್ಕದ ತರಗತಿಯ ಮಕ್ಕಳೂ ಅಳಲು ಹತ್ತಿದವು. ಹೆಡ್ ಮಿಸ್ ರಾಧಾಮಣಿ ಕಲಾವತಿಯನ್ನು ಕರೆದು, ದಸರಾ ರಜೆಯೊಳಗೆ ಮಗು ಹೊಂದಿಕೊಳ್ಳದಿದ್ದರೆ ಮುಂದಿನ ವರ್ಷ ಕರೆತನ್ನಿ ಅಂತ ಅಜ್ಜಿಗೆ ಹೇಳಿಬಿಡುತ್ತೇನೆ ಎಂದಿದ್ದರು.

ಹೊಂದಿಸಿದ್ದು ಕಲಾವತಿಯ ಮಾತಲ್ಲ, ಅವಳ ಬಟ್ಟೆ. ಒಂದು ದಿನ ಮಗು ತಾನಾಗಿಯೇ ಬಂದು ಅವಳ ಟಾಪಿನ ಅಂಚು ಹಿಡಿದು, ನಾಳೆ ಹಸಿರು, ಆಮೇಲೆ ಬೂದು, ಆಮೇಲೆ ಕೆಂಪು, ಕೆಂಪಿಗೆ ಅಮ್ಮಿ ಬರ್ತಾಳೆ ಅಂತ ಒಪ್ಪಿಸಿತು. ಅವತ್ತಿನಿಂದ ಅಳು ನಿಂತಿತು. ಕಲಾವತಿ ಮನಸ್ಸಿನಲ್ಲೇ ಕೈಮುಗಿದಳು. ಆದರೆ ಗಂಡ ಪುನೀತ್ ಆರ್.ಟಿ. ನಗರದಿಂದ ಒಂದು ನೇರಳೆ ಟಾಪು ತಂದುಕೊಟ್ಟಾಗ ಅದನ್ನು ಹಾಕಿಕೊಳ್ಳಲು ಅವಳಿಗೆ ದಿನವೇ ಸಿಗಲಿಲ್ಲ. ತಾನೇ ಹೆಣೆದ ಬುಟ್ಟಿಯೊಳಗೆ ತಾನೇ ಕೂತು ಮೇಲೆ ಮುಚ್ಚಳ ಹಾಕಿಕೊಂಡ ಹಾಗಾಗಿತ್ತು.

ಹೀಗಿರುತ್ತಾ, ದಸರೆಗೆ ಇನ್ನೂ ಸ್ವಲ್ಪ ದಿನ ಇರುವಾಗ, ಭಾನುವಾರ ಊರೊಳಗೆ ದಾಯಾದಿ ಬ್ಯಾಟರಾಯಪ್ಪ ತೀರಿಕೊಂಡರು. ಮುನಿಕೆಂಪಮ್ಮ ಮಣ್ಣು ಮುಗಿಸಿಕೊಂಡು ಬರುವ ಹೊತ್ತಿಗೆ ಮಳೆ ಹನಿಯತೊಡಗಿತ್ತು. ಒಣಗಿದ ಬಟ್ಟೆ ನೆನೆದೀತು ಅನ್ನುವ ಕಾಳಜಿಯಲ್ಲಿ, ಸ್ನಾನ ಆಗಿಲ್ಲ ಅನ್ನುವುದನ್ನೇ ಮರೆತು ಮಹಡಿಗೆ ಓಡಿ, ತಂತಿಯ ಮೇಲಿದ್ದದ್ದನ್ನೆಲ್ಲ ಬಾಚಿ ತಬ್ಬಿಕೊಂಡರು. ಮೆಟ್ಟಿಲಿಳಿಯುವಾಗ ನೆನಪಾಯಿತು. ಸಾವಿನ ಮನೆಯ ಮೈಲಿಗೆ ಸೊಸೆಯ ಬಟ್ಟೆಗಂಟಿತಲ್ಲ ಅಂತ ಕೆನ್ನೆಗೆ ತಟ್ಟಿಕೊಂಡು, ಅಷ್ಟನ್ನೂ ತಾವೇ ಬಕೆಟ್ಟಿನ ನೀರಿಗೆ ಅದ್ದಿ ತೆಗೆದರು.

ಮಳೆಯ ಜೊತೆಗೆ ಕರೆಂಟೂ ಹೋಯಿತು. ಫ್ಯಾನಿಲ್ಲ, ಇಸ್ತ್ರಿ ಪೆಟ್ಟಿಗೆಯಿಲ್ಲ. ಬೆಳಗಾದರೂ ಹಳದಿ ಟಾಪು ಕಂಕುಳಲ್ಲಿ, ಕಪ್ಪು ಪ್ಯಾಂಟು ಸೊಂಟದಲ್ಲಿ ತಣ್ಣಗೆ ತೇವವಾಗಿತ್ತು. ಬೀರುವಿನಲ್ಲಿ ಒಣಗಿ ಗರಿಗರಿಯಾಗಿದ್ದದ್ದು ಶುಕ್ರವಾರದ ಕೆಂಪು, ಬಿಳಿ ಜೋಡಿ, ಮತ್ತೆ ಆ ನೇರಳೆ. ಅದಕ್ಕೂ ತೊಡಲು ಇದ್ದದ್ದು ಅದೇ ಬಿಳಿ ಪ್ಯಾಂಟು.

ಆ ಮಗುವಿನ ತಾಯಿ ಇವತ್ತು ಬೆಳಗ್ಗೆಯೇ ಬಸ್ಸು ಹತ್ತಿರುತ್ತಾಳೆ. ಎದ್ದು ಹಾಸಿಗೆ ಖಾಲಿ ಕಂಡ ಮಗು ಶಾಲೆಗೆ ಬಂದು ಕೆಂಪು ನೋಡಿದರೆ ಸಂಜೆವರೆಗೂ ಕಾಯುತ್ತದೆ, ಸಂಜೆ ಅಮ್ಮಿ ಬರುವುದಿಲ್ಲ. ಆಮೇಲೆ ಯಾವ ಕೆಂಪನ್ನು ನಂಬುತ್ತದೆ? ನೇರಳೆಯಾದರೆ ಅದಕ್ಕೆ ಲೆಕ್ಕವೇ ಸಿಗುವುದಿಲ್ಲ. ಕಲಾವತಿ ಹಳದಿಯನ್ನೇ ತೊಟ್ಟು ಹೊರಟಳು.

ಮುನಿಕೆಂಪಮ್ಮ ಬಾಗಿಲಲ್ಲಿ ತೋಳು ಹಿಡಿದು ನೋಡಿದರು.

"ಒದ್ದೆ ಬಟ್ಟೇಲಿ ವಸ್ಲು ದಾಟೋದು ಯಾವಾಗ, ಗೊತ್ತಾ ನಿಂಗೆ? ಎಣದ ಇಂದೆ ಓಗೋವಾಗ. ಸೂತ್ಕದ ಮನೆ ಬ್ಯಾರೆ. ನನ್ನ ಮಗ ಚೆನ್ನಾಗಿರ್ಬೇಕು ಕಣವ್ವ."

ಮಾತು ಗಂಡನ ಆಯಸ್ಸಿಗೇ ಬಂದ ಮೇಲೆ ಸೊಸೆಗೆ ಬೇರೆ ದಾರಿಯಿರಲಿಲ್ಲ. ಅವಳು ಒಳಗೆ ಹೋಗಿ ಕೆಂಪು ತೊಟ್ಟಳು. ತೇವದ ಹಳದಿ, ಕಪ್ಪನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಬ್ಯಾಗಿನ ತಳಕ್ಕಿಟ್ಟಳು. ದೇವರ ಮನೆ ಮುಂದೆ ನಿಂತಾಗ ಏನು ಬೇಡಬೇಕು ಅಂತಲೇ ತೋಚಲಿಲ್ಲ.

ಶಾಲೆಗೆ ಎಲ್ಲರಿಗಿಂತ ಮುಂಚೆ ಮುಟ್ಟಿ, ಟೀಚರ್‌ಗಳ ಬಾತ್‌ರೂಮಿನಲ್ಲಿ ಬಟ್ಟೆ ಬದಲಿಸಿದಳು. ತೇವದ ಬಟ್ಟೆ ಮೈಗೆ ಅಂಟಿಕೊಂಡು ಬೆನ್ನುದ್ದಕ್ಕೂ ಚಳಿ ಹರಿಯಿತು. ವೇಲನ್ನು ಅಗಲವಾಗಿ ಹರಡಿ ಎರಡೂ ಭುಜಕ್ಕೆ ಪಿನ್ನು ಹಾಕಿಕೊಂಡಳು.

ಗಜಾಲಾ ಊದಿಕೊಂಡ ಕಣ್ಣಲ್ಲಿ ಬಂತು. ಕೆಳತುಟಿ ನಡುಗುತ್ತಿತ್ತು. ಮಿಸ್ಸನ್ನು ತಲೆಯಿಂದ ಕಾಲಿನವರೆಗೂ ನೋಡಿತು.

"ಹಳದಿ" ಅಂದಿತು.

"ಹೌದು ಪುಟ್ಟಾ, ಹಳದಿ."

ಮಗು ಬೆರಳು ಮಡಚುತ್ತಾ ನೀಲಿ, ಹಸಿರು, ಬೂದು ಅಂತ ಗುನುಗಿ, ಕೆಂಪಿಗೆ ಬಂದು ನಿಲ್ಲಿಸಿ, ತನ್ನ ಜಾಗಕ್ಕೆ ಹೋಗಿ ಕೂತಿತು. ಅಳಲಿಲ್ಲ. ಆದರೆ ಕೂತಲ್ಲಿಂದಲೇ ಆಗಾಗ ತಿರುಗಿ ಹಳದಿ ಹಳದಿಯಾಗಿಯೇ ಇದೆಯಾ ಅಂತ ನೋಡಿಕೊಳ್ಳುತ್ತಿತ್ತು. ಆ ಕಣ್ಣು ತಾಕಿದಾಗಲೆಲ್ಲ ಕಲಾವತಿ ಬೆನ್ನು ನೆಟ್ಟಗೆ ಮಾಡಿ ನಿಲ್ಲುವಳು.

ಶಾಲೆ ಬಿಟ್ಟಾಗ ಮತ್ತೆ ಕೆಂಪು ತೊಟ್ಟು ಮನೆಗೆ ಹೋಗುವುದು ಅವಳ ಎಣಿಕೆ. ಆದರೆ ಖುರ್ಷೀದ್ ಬರುವುದು ತಡವಾಗಿ, ಮಗು ಗೇಟಿನ ಹತ್ತಿರವೇ ಕೂತಿತ್ತು. ಇದ್ದದ್ದು ಅದೊಂದೇ ಗೇಟು. ಕೊನೆಗೆ ಆಯಮ್ಮ ಬಾತ್‌ರೂಮಿಗೆ ಬೀಗ ಹಾಕಿದಳು. ಅಜ್ಜಿ ಬಂದು, ಇವಳು ರಾತ್ರಿ ಮಿಸ್ಸಿನ ನಾಳೆಯ ಬಣ್ಣ ಹೇಳಿಯೇ ಮಲಗುವುದು, ನೀವು ತಪ್ಪಿಸಬೇಡಿ ತಾಯಿ ಅಂತ ಕೈ ಹಿಡಿದುಕೊಂಡರು. ಆ ಕೈ ಬೆಚ್ಚಗಿತ್ತು, ಕಲಾವತಿಯದು ತಣ್ಣಗಿತ್ತು.

ಕೆಂಪಲ್ಲಿ ಹೋದ ಸೊಸೆ ಹಳದಿಯಲ್ಲಿ ಬಂದದ್ದನ್ನು ಮುನಿಕೆಂಪಮ್ಮ ನೋಡಿದರು. ತೋಳು ಮುಟ್ಟಿದರು. ಮೈಶಾಖಕ್ಕೆ ಬಟ್ಟೆ ಒಣಗಿತ್ತು. ಕಲಾವತಿ ಏನನ್ನೂ ಮುಚ್ಚಿಡದೆ, ಆ ಮಗು, ಅದರ ತಾಯಿ, ಬಣ್ಣ, ಎಲ್ಲವನ್ನೂ ಹೇಳಿದಳು. ಬೈಗುಳಕ್ಕೆ ತಲೆ ಬಗ್ಗಿಸಿಯೇ ನಿಂತಿದ್ದಳು. ಮುದುಕಿ ಬೈಯಲಿಲ್ಲ. ಆ ಕೂಸು ತಿಂಡಿ ಗಿಂಡಿ ತಿಂತದಾ ಅಂತ ಕೇಳಿ, ಉಳಿದ ಬಟ್ಟೆಗಳನ್ನು ಒಂದೊಂದಾಗಿ ಒದರಿ ನಡುಮನೆಯ ಹಗ್ಗಕ್ಕೆ ಹಾಕಿದರು.

ಮಾರನೆಯ ಬೆಳಗ್ಗೆ ಕಲಾವತಿಗೆ ಮೈ ಕೆಂಡ. ತಲೆ ಎತ್ತಲಾಗದು. ಪುನೀತ್ ರಜೆ ಹಾಕು ಅಂದ. ಅವಳಿಗೂ ಬೇಕಿದ್ದದ್ದು ಅದೇ, ಒಂದೇ ಒಂದು ದಿನ ಯಾವ ಬಣ್ಣವೂ ಇಲ್ಲದೆ ಹಳೆ ನೈಟಿಯಲ್ಲಿ ಮುದುಡಿ ಮಲಗುವುದು. ಅತ್ತೆ ತಡೆಯುತ್ತಾರೆ, ಹೋಗಬೇಡ ಅನ್ನುತ್ತಾರೆ ಅಂತ ಕಣ್ಣುಮುಚ್ಚಿ ಕಾದಳು.

ಮುನಿಕೆಂಪಮ್ಮ ಬಂದರು. ಒಂದು ಕೈಯಲ್ಲಿ ಮೆಣಸಿನ ಕಷಾಯ, ಇನ್ನೊಂದು ಕೈಯಲ್ಲಿ ಕರೆಂಟು ಬಂದದ್ದೇ ಇಸ್ತ್ರಿ ಮಾಡಿದ ನೀಲಿ ಟಾಪು, ಮೇಲೆ ಬಿಸ್ಕತ್ ಪ್ಯಾಂಟು.

"ಏಳವ್ವ" ಅಂದರು ಮೆಲ್ಲಗೆ. "ಕೂಸು ನೀಲಿ ಅಂತ ಏಳ್ಕೊಂಡು ಮಲಗಿರ್ತದೆ."

ಕಲಾವತಿ ಎದ್ದು ಕೂತು ತೋಳು ಚಾಚಿದಳು. ಮುದುಕಿಯೇ ಟಾಪಿನ ತೋಳೊಳಗೆ ಅವಳ ಕೈ ತೂರಿಸಿ, ಕತ್ತಿನ ಗುಂಡಿ ಹಾಕಿದರು.