ತತ್ತಿಯ ಹಳದಿ

"ಲಿಂಗ ಕಟ್ಟಿದ ಮನ್ಯಾಗ ತತ್ತಿ ಅಂತೀರಲ್ರಿ ಡಾಕ್ಟರೇ! ತುಪ್ಪ ಹಾಕ್ತೀವಿ, ಬೇಕಾದಷ್ಟು," ಅಂದಳು ಶಾಂಭವಿಯ ಅತ್ತೆ ಸುಭದ್ರಾಬಾಯಿ.

ಅಫಜಲಪುರದ ಮಕ್ಕಳ ಡಾಕ್ಟರು ರಿಪೋರ್ಟಿನಿಂದ ಕಣ್ಣೆತ್ತಿದರು. "ತುಪ್ಪದಾಗಿನ ಕೊಲೆಸ್ಟ್ರಾಲ್ ಸಾಲಂಗಿಲ್ಲ ಯವ್ವಾ. ಕೊಲೆಸ್ಟ್ರಾಲ್ ಅಂದ್ರ ಬೆಳೆಯೋ ಕೂಸಿಗೆ ಮೈ ಕಟ್ಟೋ ಸಾಮಾನು. ಎಲ್ಲಾರ ಮೈ ಅದನ್ನ ತಾನೇ ಮಾಡ್ಕೋತದ. ಈ ಕೂಸಿನ ಮೈಯಾಗ ಅದನ್ನ ಮಾಡೋ ಕೆಲಸ ಕಡೀ ಹಂತದಾಗ ನಿಲ್ಲತದ, ಹೊಟ್ಟ್ಯಾಗಿದ್ದಾಗಿಂದನೂ ಹಂಗ. ಅದಕ್ಕ ತಲಿ ಸಣ್ಣದು, ಕಾಲ್ಬೆರಳು ಕೂಡ್ಯಾವ, ಮೊಲಿ ಚೀಪಾಕ ಬರಲಿಲ್ಲ. ತಂದಿ ತಾಯಿ ಇಬ್ಬರ ಕಡಿಂದ ಬಂದದ್ದಿದು."

ಮಗಳ ಮೂಗಿನಿಂದ ಹೊಟ್ಟೆಗೆ ಹಾಲಿಳಿಸುವ ನಳಿಗೆ ಅಲುಗದಂತೆ ಹಿಡಿದಿದ್ದಳು ಶಾಂಭವಿ. ವರ್ಷ ತುಂಬಿದರೂ ಕೂಸು ಐದು ತಿಂಗಳಿನದರಷ್ಟೇ ಹಗುರ.

"ತತ್ತಿ ಕೊಟ್ರ ಮುಂದ ಮಾತಾಡ್ತಾಳೇನ್ರಿ?" ಅಂದಳು.

"ತಿಂದದ್ದು ಮೆದುಳಿಗೆ ದಾಟಂಗಿಲ್ಲ ತಂಗಿ. ಮೈ ತುಸು ಬೆಳೀಬಹುದು. ಅದೂ ಖಾತ್ರಿ ಹೇಳಾಕಾಗಂಗಿಲ್ಲ."

"ಇಷ್ಟಕ್ಕ ಧರ್ಮ ಕೆಡಿಸ್ಕೋಬೇಕೇನ್ರಿ?" ಅತ್ತೆ ಸಿಡುಕಿ ಎದ್ದಳು.

ಇಷ್ಟು ಬಿಟ್ಟರೆ ಮಗಳಿಗೆ ಬೇರೆ ದಾರಿಯೇ ಇಲ್ಲವಲ್ಲ ಅಂದುಕೊಂಡಳು ಶಾಂಭವಿ. ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ, ಗುರುತಿನವರು ನೋಡುತ್ತಿರುವಂತೆಯೇ, ತತ್ತಿ ಕೊಂಡಳು.

ಬಸ್ಸಿನಲ್ಲಿ ಅವಳಿಗೆ ತಡೆಯಲಾಗಲಿಲ್ಲ. "ನೀವು ಮುಟ್ಟಬ್ಯಾಡ್ರಿ ಅತ್ತಿ. ಹಿತ್ತಲದಾಗ ಕುದಿಸಿ, ಹಳದಿ ಅಷ್ಟ ಹಾಲಿನಾಗ ಅರದು ನಳಿಗ್ಯಾಗ ಬಿಡ್ತೇನಿ. ಮನಿ ಹೊರಗ ಹಾಕಿದ್ರ ಬೀದ್ಯಾಗ ಕುಂತಾದ್ರೂ ಕೊಡ್ತೇನಿ."

"ಸುಮ್ಕ ಕೂಡಬೇ, ಮಂದಿ ನೋಡಾಕತ್ತಾರ," ಅಂದು ಅತ್ತೆ ಮುಖ ಕಿಟಕಿಗೆ ತಿರುಗಿಸಿದಳು.

ಬಸ್ಸು ತಗ್ಗಿನಲ್ಲಿ ಧಡ್ ಎಂದು ಇಳಿಯಿತು. ಸುಭದ್ರಾಬಾಯಿಯ ಕೈ ತಟ್ಟನೆ ಚಾಚಿ, ಸೊಸೆಯ ಕೈಯಲ್ಲಿ ತೂಗುತ್ತಿದ್ದ ತತ್ತಿಯ ಚೀಲವನ್ನು ಕೆಳಗಿನಿಂದ ಹಿಡಿದುಕೊಂಡಿತು.