ಕಣ್ಣು ಮಾತ್ರ ಹೊರಳಿಸುವ ಕೋತಿ

ಭಾವನ ಕಣ್ಣು ಮಂಜಾಗಿದೆ ಎನ್ನುವುದು ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದೆ ಎನ್ನುವುದು ಮಾತ್ರ ಯಾರಿಗೂ ಗೊತ್ತಾಗಬಾರದು, ಹಾಗೆ ನಡೆದುಕೊಂಡಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ಜಾಗದಲ್ಲಿ ನಮ್ಮಿಬ್ಬರ ಕೆಲಸ. ಅಲ್ಲಿ ಕೈಯಿಂದ ಇಸ್ತ್ರಿ ಉಜ್ಜುವುದಿಲ್ಲ. ಆಳುದ್ದದ ಕಾದ ಉರುಳೆ ತಿರುಗುತ್ತಿರುತ್ತದೆ. ಅದಕ್ಕೆ ರೋಲರ್ ಅನ್ನುತ್ತೇವೆ. ಹಸಿ ಬಟ್ಟೆಯ ಒಂದು ಮೂಲೆ ನಾನು ಹಿಡಿಯಬೇಕು, ಇನ್ನೊಂದು ಮೂಲೆ ಭಾವ ಹಿಡಿಯಬೇಕು, ಇಬ್ಬರೂ ಒಂದೇ ಸಮಕ್ಕೆ ಎಳೆದು ಅಂಚನ್ನು ಉರುಳೆಯ ಬಾಯಿಗೆ ಕೊಡಬೇಕು. ಬಟ್ಟೆ ಆಚೆ ಕಡೆ ಒಣಗಿ, ನಯವಾಗಿ ಬೀಳುತ್ತದೆ. ಅಲ್ಲಿ ಗುಬ್ಬಿ ನಿಂತು ಮಡಚುತ್ತಾಳೆ. ಗುಬ್ಬಿ ಅವಳ ಹೆಸರಲ್ಲ. ಬಾಯಿ ಸುಮ್ಮನಿರದು ಅಂತ ಹಾಗೆ ಕರೆಯುವುದು.

ಉರುಳೆಯ ಬಾಯಿಗೆ ಅಡ್ಡವಾಗಿ ಒಂದು ಪಟ್ಟಿ ತೂಗುತ್ತದೆ. ಬಟ್ಟೆ ಅದರ ಕೆಳಗೆ ನುಸುಳಿ ಹೋಗುತ್ತದೆ. ಬೆರಳು ಹೋದರೆ ಪಟ್ಟಿಗೆ ತಾಗುತ್ತದೆ, ತಾಗಿದ ಕೂಡಲೇ ರೋಲರ್ ನಿಲ್ಲುತ್ತದೆ. ಬೆರಳು ಉಳಿಯಲಿ ಅಂತ ಮಾಡಿದ್ದು.

ಭಾವನ ಕಡೆಯಿಂದ ಅದು ಮೇಲಿಂದ ಮೇಲೆ ನಿಲ್ಲತೊಡಗಿತ್ತು. ಬಟ್ಟೆ ಎಲ್ಲಿ ಮುಗಿಯಿತು, ಉರುಳೆ ಎಲ್ಲಿ ಶುರುವಾಯಿತು ಎನ್ನುವುದು ಅವರಿಗೆ ತಿಳಿಯುತ್ತಿರಲಿಲ್ಲ. ರೋಲರ್ ನಿಂತಾಗೆಲ್ಲ ಗುಬ್ಬಿ, ಕರೆಂಟ್ ಹೋಯ್ತು ಅನ್ನುವಳು. ತಲೆಯ ಮೇಲೆ ದೀಪ ಉರಿಯುತ್ತಿರುತ್ತಿತ್ತು. ಒಗೆಯುವ ಕಡೆಯ ದಪ್ಪಣ್ಣನೂ ಹೌದೌದು, ಈ ಕರೆಂಟಿನದು ದಿನಾ ಇದೇ ಗೋಳು ಅನ್ನುವನು. ಭಾವನೂ ಮೇಲೆ ನೋಡಿ ನಿಟ್ಟುಸಿರು ಬಿಡುವರು. ಒಬ್ಬರೂ ನಗುತ್ತಿರಲಿಲ್ಲ. ನಗು ಆಮೇಲೆ ಫೋನಿನಲ್ಲಿ ಬರುತ್ತಿತ್ತು.

ಫೋನಿನಲ್ಲಿ ನಮ್ಮದೊಂದು ಗುಂಪು. ನಮ್ಮ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯೂ ಇದ್ದ, ಭಾವನೂ ಇದ್ದರು. ಅದರಲ್ಲಿ ಗುಬ್ಬಿ ಒಂದು ಕೋತಿ ಹಾಕುತ್ತಿದ್ದಳು. ನಿಜದ ಕೋತಿಯಲ್ಲ, ಬೊಂಬೆ ಕೋತಿ. ಮೇಲೆ ಎರಡು ಸಾಲು ಬರಹ ಇರುತ್ತಿತ್ತು. ನಾನು ಅಕ್ಷರ ಕೂಡಿಸಿಕೊಂಡು ಓದುವವಳು, ನಿಧಾನ. 'ದೀಪ ಉರೀತಿರುವಾಗಲೇ ಕರೆಂಟ್ ಹೋದಾಗ' ಅಂತ ಒಮ್ಮೆ ಬರೆದಿತ್ತು. ಭಾವನಿಗೆ ಕಾಣುವುದಿಲ್ಲ ಎನ್ನುವ ಧೈರ್ಯದ ಮೇಲೆಯೇ ಹಾಕುತ್ತಿದ್ದದ್ದು. ಕೇಡಿಗೇನಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರು ಹೇಗಾದರೂ ಉಸಿರಾಡಬೇಕಲ್ಲ.

ಒಂದು ಬೆಳಿಗ್ಗೆ ಕೆಲಸ ಶುರುವಾಗಿ ಬಹಳ ಹೊತ್ತಾದರೂ ರೋಲರ್ ನಿಲ್ಲಲೇ ಇಲ್ಲ. ಭಾವನ ಮುಖದಲ್ಲಿ ಬೆಳಕು ಬಂದಿತ್ತು. ಇವತ್ತು ಕೈ ಚೆನ್ನಾಗಿ ಕೂತಿದೆ ನೋಡು, ರಾತ್ರಿ ಒಳ್ಳೆ ನಿದ್ದೆ ಆಯ್ತು, ಅದಕ್ಕೇ ಇರಬೇಕು ಎಂದರು. ನಾನು ಅವರ ಕೈ ಕಡೆ ನೋಡಿದೆ. ಬೆರಳ ತುದಿ ಪಟ್ಟಿ ಇರಬೇಕಾದ ಜಾಗ ದಾಟಿ ಒಳಗೆ ಹೋಗಿ ಬಂತು. ಪಟ್ಟಿ ಅಲ್ಲಿರಲಿಲ್ಲ. ಯಾರೋ ಅದನ್ನು ಮೇಲೆತ್ತಿ, ಹಳೆಯ ದಿಂಬಿನ ಚೀಲದ ಹರಿದ ಅಂಚಿನಿಂದ ಚೌಕಟ್ಟಿಗೆ ಬಿಗಿದು ಕಟ್ಟಿದ್ದರು.

ನಾನು ಕೆಂಪು ಗುಂಡಿ ಒತ್ತಿ ರೋಲರ್ ನಿಲ್ಲಿಸಿದೆ.

ಕರೆಂಟ್ ಹೋಯ್ತು ಎಂದಳು ಗುಬ್ಬಿ. ನಾನು ಅವಳನ್ನೇ ನೋಡಿದೆ. ಅವಳ ಕಣ್ಣು ನನ್ನ ಕಡೆ ಒಂದು ಗಳಿಗೆ ಬಂದು, ಕೈಯಲ್ಲಿದ್ದ ಮಡಚಿದ ಬಟ್ಟೆಯ ಮೇಲೆ ಹೋಗಿ ಕೂತಿತು. ಕುತ್ತಿಗೆ ಅಲ್ಲಾಡಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇತ್ತು. ಮೇಲಿಂದ ಮೇಲೆ ನಿಂತರೆ ಮೇಸ್ತ್ರಿ ಭಾವನನ್ನು ಮನೆಗೆ ಕಳಿಸುತ್ತಾನೆ, ನಿಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಅವಳ ಲೆಕ್ಕ ಅಷ್ಟೇ. ಕೆಲಸ ಉಳಿಸಲು ಹೋಗಿ ಬೆರಳನ್ನು ಬೆಂಕಿಯ ಬಾಯಿಗೆ ಬಿಟ್ಟಿದ್ದಳು.

ಅದೇ ಹೊತ್ತಿಗೆ ಎಲ್ಲರ ಜೇಬಿನಲ್ಲಿ ಫೋನುಗಳು ಗುರ್ ಎಂದವು. ದಪ್ಪಣ್ಣನ ಕೈ ಸುಮ್ಮನಿರಲಿಲ್ಲ, ಅವನೂ ಕೋತಿಯನ್ನೇ ಹಾಕಿದ್ದ. ಆಚೆ ಯಾರೋ ಕಿಸಕ್ಕೆಂದರು.

ಭಾವ ತಮ್ಮ ಫೋನು ತೆಗೆದು ಮೂಗಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ನನ್ನ ಕೈಗೆ ಕೊಟ್ಟು ಕೇಳಿದರು.

"ದಿನಾ ಏನೋ ಬರುತ್ತೆ, ಎಲ್ಲ ನಗ್ತಾರೆ. ಏನಿದೆ ಇದರಲ್ಲಿ, ಹೇಳು."

ಒಂದು ಕೋತಿ ಬೊಂಬೆ ಎಂದೆ.

"ಏನು ಮಾಡ್ತಿದೆ?"

"ಏನೂ ಮಾಡ್ತಿಲ್ಲ, ಭಾವ. ಅದೇ ತಮಾಷೆ."

ಅಷ್ಟಕ್ಕೆ ಬಿಡುವವರಲ್ಲ ಅವರು. ಸರಿಯಾಗಿ ಹೇಳು ಎಂದರು. ನಾನು ಬಿಡಿಸಿ ಹೇಳಿದೆ. ಕಂದು ಕೂದಲು, ಅಗಲ ಬಾಯಿ, ದೊಡ್ಡ ಗುಂಡು ಕಣ್ಣು. ಒಂದೇ ಬೊಂಬೆಯ ಎರಡು ಪಟ ಇವೆ. ಎರಡರಲ್ಲೂ ಮುಖ ಒಂದೇ ಪಕ್ಕಕ್ಕೆ ತಿರುಗಿದೆ. ಒಂದು ಪಟದಲ್ಲಿ ಕಣ್ಣುಗುಡ್ಡೆ ಮೂಲೆಗೆ ಜಾರಿ ನಮ್ಮನ್ನು ನೋಡುತ್ತಿದೆ. ಇನ್ನೊಂದರಲ್ಲಿ ಕಣ್ಣು ಅತ್ತ ಹೊರಳಿಸಿಕೊಂಡು, ನಾನೇನೂ ಕಂಡಿಲ್ಲಪ್ಪ ಅನ್ನುವ ಹಾಗೆ ಕೂತಿದೆ. ನೋಡಬಾರದ್ದನ್ನು ನೋಡಿ ಸಿಕ್ಕಿಬಿದ್ದವರ ಮುಖ. ಕೋತಿ ತಾನಾಗಿ ಏನೂ ಹೇಳುವುದಿಲ್ಲ. ಏನನ್ನು ನೋಡಿತು ಅನ್ನುವುದನ್ನು ಮೇಲೆ ಬರೆಯುತ್ತಾರೆ. ಓದಿದವರಿಗೆ, ಅಯ್ಯೋ ನಾನೂ ಹೀಗೇ ಕಣ್ಣು ತಿರುಗಿಸಿದ್ದೆನಲ್ಲ ಅನ್ನಿಸಿ ನಗು ಬರುತ್ತದೆ.

"ಮುಖ ತಿರುಗಿಸಲ್ವಾ?"

"ಇಲ್ಲ. ಮುಖ ತಿರುಗಿಸಿದ್ರೆ ನೋಡಿದ್ದು ಗೊತ್ತಾಗಿಬಿಡುತ್ತಲ್ಲ."

ಭಾವ ಮೇಲೆ ಏನು ಬರೆದಿದೆ ಎಂದು ಕೇಳಿದರು. ನಾನು ಅಕ್ಷರ ಕೂಡಿಸಿ ಓದಿದೆ. 'ಇವತ್ತು ಕರೆಂಟ್ ಹೋಗದೇ ಇದ್ದಾಗ.' ಓದಿದ ಮೇಲೆ ಅವರ ಕೈ ಹಿಡಿದು ಚೌಕಟ್ಟಿನ ಮೇಲಕ್ಕೆ ಒಯ್ದು, ಕಟ್ಟಿದ ಪಟ್ಟಿಯನ್ನೂ ಗಂಟನ್ನೂ ಮುಟ್ಟಿಸಿದೆ.

ಅವರು ಗಂಟನ್ನು ಬೆರಳಲ್ಲಿ ತಡವಿದರು. ಕೋಪ ಮಾಡಲಿಲ್ಲ. ಇಷ್ಟು ಹೊತ್ತು ಹೊತ್ತಿದ್ದ ಮೂಟೆ ಇಳಿಸಿದವರ ಹಾಗೆ ಭುಜ ಕೆಳಗೆ ಬಿಟ್ಟರು. ಸುಸ್ತಾಗಿದ್ದರು. ಕಾಣದಿರುವುದಕ್ಕಿಂತ ಕಾಣುತ್ತದೆ ಅಂತ ತೋರಿಸಿಕೊಳ್ಳುವುದೇ ಹೆಚ್ಚು ಕೆಲಸ ಅಂತ ಎಷ್ಟೋ ದಿನದ ಮೇಲೆ ಅಕ್ಕನ ಹತ್ತಿರ ಹೇಳಿದರಂತೆ.

ಗುಬ್ಬಿಯನ್ನು ಕರೆದರು. ಅವಳು ಬಂದು ಎದುರು ನಿಂತಳು, ಕಣ್ಣು ನೆಲದ ಮೇಲೆ.

"ಅದೇ ಕೋತಿ ಹಾಕು. ನನ್ನ ಫೋನಿಂದ. ನಾನು ಹೇಳಿದ್ದು ಮೇಲೆ ಬರಿ."

"ಬೇಡ ಬಿಡಣ್ಣ."

"ಬರಿ. ಕುರುಡನ್ನ ರೋಲರ್ ಮುಂದೆ ನಿಲ್ಲಿಸಿಕೊಂಡು, ಕರೆಂಟ್ ಹೋಯ್ತು ಅಂದಾಗ."

ಗುಬ್ಬಿ ಬರೆದಳು. ಬರೆಯುವಾಗ ಮೂಗು ಒರೆಸಿಕೊಂಡಳು. ಫೋನುಗಳು ಒಂದರ ಹಿಂದೊಂದು ಗುರ್ ಎಂದವು, ಮೇಸ್ತ್ರಿಯ ಕೋಣೆಯಲ್ಲೂ ಒಂದು. ಈ ಸಲ ನಗುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಭಾವನೇ ನಕ್ಕರು. ನಿಂತಿರೋದು ಎಲ್ಲ ಕೋತಿಗಳೇ, ನಾನೊಬ್ಬನೇ ಮನುಷ್ಯ ಎಂದರು.

ಮೇಸ್ತ್ರಿ ಹೊರಗೆ ಬಂದ. ಕಟ್ಟಿದ ಪಟ್ಟಿ ನೋಡಿದ. ಅವನ ಕಣ್ಣೂ ಒಮ್ಮೆ ಗೋಡೆಯ ಕಡೆ ಜಾರಿತು. ಅವನಿಗೂ ತಿಳಿದಿತ್ತಲ್ಲ. ಹೊಸಬರನ್ನು ಹುಡುಕುವ ತಲೆನೋವು ಯಾರಿಗೆ ಬೇಕು. ಆಮೇಲೆ ಕಣ್ಣನ್ನು ಎಳೆದು ತಂದ ಹಾಗೆ ತಂದು ಭಾವನ ಮುಖ ನೋಡಿದ.

"ಯಜಮಾನ್ರೇ, ಇನ್ನು ರೋಲರ್ ಹತ್ರ ಬರಬೇಡಿ."

ಡಾಕ್ಟರಿಗೆ ತೋರಿಸಿ, ಅವರು ಏನನ್ನುತ್ತಾರೋ ನೋಡಿಕೊಂಡು ಬೇರೆ ಕೆಲಸದ ಮಾತಾಡೋಣ ಎಂದ. ಕೊಡುತ್ತೇನೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಗಂಟನ್ನು ತಾನೇ ಬಿಚ್ಚಿ ಪಟ್ಟಿ ಕೆಳಗೆ ಬಿಟ್ಟ.

ಭಾವ ಮೇಲಂಗಿ ಕಳಚಿ ನನ್ನ ಕೈಗಿಟ್ಟು ಬಾಗಿಲ ಕಡೆ ಹೊರಟರು. ನಡುದಾರಿಯಲ್ಲಿ ನಿಂತರು. ಇಷ್ಟು ದಿನ ಗೋಡೆ ಸವರಿಕೊಂಡು, ಸವರುತ್ತಿಲ್ಲ ಎನ್ನುವ ಹಾಗೆ ಹೋಗುತ್ತಿದ್ದವರು.

"ಮೆಟ್ಟಿಲು ಎಲ್ಲಿ ಬರುತ್ತೆ?" ಎಂದು ಯಾರನ್ನೂ ನೋಡದೆ ಕೇಳಿದರು.

ಇನ್ನೂ ಮುಂದೆ ಎಂದ ದಪ್ಪಣ್ಣ. ಎಡಕ್ಕೆ ಎಡಕ್ಕೆ, ಅಲ್ಲಿ ಬಕೆಟ್ ಇದೆ ಎಂದಳು ಗುಬ್ಬಿ. ಒಗೆಯುವ ಕಡೆಯಿಂದಲೂ ಯಾರೋ ಕೂಗಿದರು. ಎಲ್ಲರೂ ಒಟ್ಟಿಗೆ ಹೇಳಿ ಒಂದೂ ತಿಳಿಯದ ಹಾಗಾಯಿತು. ಒಬ್ಬೊಬ್ಬರೇ ಹೇಳ್ರಪ್ಪ ಎಂದು ಭಾವ ಗದರಿದರು.

ಗುಬ್ಬಿ ಓಡಿ ಹೋಗಿ ಬಕೆಟ್ ಎತ್ತಿಟ್ಟಳು. ನಾನು ಒದ್ದೆ ಬಟ್ಟೆಯ ರಾಶಿಯ ಮುಂದೆ ನಿಂತು, ಆಚೆ ಮೂಲೆ ಹಿಡಿಯಲು ದಪ್ಪಣ್ಣನನ್ನು ಕರೆದೆ.