ಮಲಕಮ್ಮನ ಉದ್ರಿ ಮಿತಿ

ಕಾಲುವೆಗೆ ನೀರು ಬಿಡುವ ತಾರೀಖು ಗೊತ್ತಾದ ದಿನವೇ ಕಕ್ಕೇರಾದ ಗೊಬ್ಬರದಂಗಡಿ ಮಲಕಮ್ಮ ಶಹಾಪುರದ ಹೋಲ್‌ಸೇಲ್ ವ್ಯಾಪಾರಿ ಗುರುಲಿಂಗಪ್ಪನವರಿಗೆ ಪತ್ರ ಬರೆದಳು: "ಮೂರು ವರ್ಷದಿಂದ ಮೂವತ್ತು ದಿನದ ವಾಯಿದೆ ಒಮ್ಮೆಯೂ ತಪ್ಪಿಸಿಲ್ಲ. ಭತ್ತದ ನಾಟಿಗೆ ಗೊಬ್ಬರ ಹೆಚ್ಚು ಬೇಕು. ನನ್ನ ಉದ್ರಿ ಮಿತಿಯನ್ನು ಐವತ್ತು ಸಾವಿರದಿಂದ ಒಂದು ಲಕ್ಷಕ್ಕೆ ಏರಿಸಬೇಕು."

ಉತ್ತರ ಬರಲಿಲ್ಲ. ನಾಲ್ಕನೇ ದಿನ ಬಸ್ಸು ಹತ್ತಿ ತಾನೇ ಹೋದಳು.

"ವಾಯಿದಾ ತಪ್ಪಿಲ್ಲ ಅಂತ ಬರದೀಯಲ್ಲವ್ವಾ," ಎಂದು ಗುರುಲಿಂಗಪ್ಪ ಖಾತೆ ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. "ನೋಡಿಲ್ಲಿ, ಪ್ರತಿ ಸಲ ನಲವತ್ತು ದಿನ ದಾಟೈತಿ."

ಮಲಕಮ್ಮ ಚೀಲದಿಂದ ರಸೀದಿಗಳನ್ನು ತೆಗೆದು ಹರಡಿದಳು. ಗುರುಲಿಂಗಪ್ಪನವರ ಕಡೆಯಿಂದ ವಸೂಲಿಗೆ ಬರುವ ಅಂಬ್ರಪ್ಪ ಸಹಿ ಹಾಕಿದ್ದ ತಾರೀಖುಗಳೆಲ್ಲ ವಾಯಿದೆಯೊಳಗೇ ಇದ್ದವು.

"ಅಂವ ತಂದ ರೊಕ್ಕಾನ ಅಮಾಸಿ ಪೂಜಿ ಆದಮ್ಯಾಲೇ ಖಾತೇಕ್ಕ ಏರಸ್ತೀವಿ. ಮೊದಲಿಂದ ಹಂಗೇ ಪದ್ಧತಿ," ಎಂದ ಪಕ್ಕದಲ್ಲಿ ಲೆಕ್ಕ ಬರೆಯುತ್ತಿದ್ದ ಮುನೀಮ, ತಲೆ ಎತ್ತದೆ.

"ನಿಮ್ಮ ಅಮಾಸಿ ಸಲುವಾಗಿ ನಾ ಯಾಕ್ರಿ ಸುಳ್ಳಬುರಕಿ ಆಗ್ಬೇಕು?"

ಗುರುಲಿಂಗಪ್ಪ ರಸೀದಿಗಳನ್ನು ಎರಡೆರಡು ಸಲ ನೋಡಿದರು. "ತಪ್ಪು ನಮ್ಮದೇ ಐತವ್ವಾ. ಅಮಾಸಿ ಆಗಲಿ, ಲಕ್ಷ ಮಾಡೋಣ. ಹೊಸ ಲೆಕ್ಕಾ ಅವತ್ತೇ ಬರಿಯೋದು."

"ಅಮಾಸಿಗೆ ಇನ್ನಾ ಹನ್ನೆರಡು ದಿನ ಐತ್ರಿ ಸಾಹುಕಾರ್ರ. ಐದು ದಿನದಾಗ ನೀರು ಬರ್ತೈತಿ. ಗಿರಾಕಿಗೋಳು ನನ್ನ ಮುಖಾ ನೋಡ್ಕೋತ ಕುಂದರ್ತಾರೇನ್ರಿ?"

"ನಾ ಏನ್ ಮಾಡ್ಲಿ? ಪದ್ಧತಿ."

ಮಲಕಮ್ಮ ರಸೀದಿಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿಕೊಂಡಳು. ಸುರಪುರದ ಹೋಲ್‌ಸೇಲಿನವರು ಪರಿಚಯವಿಲ್ಲದವರಿಗೆ ಉದ್ರಿ ಕೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಊರಿಗೆ ಹೊರಟ ಬಸ್ಸಿನಿಂದ, ರಸೀದಿಗಳ ಚೀಲ ಹಿಡಿದು, ನಡುವೆ ಸುರಪುರದಲ್ಲೇ ಇಳಿದಳು.